ಮೆಲ್ಲಗೆ ಹಾಕಿ ಕೇಳಿ: ಹಳೆಯ ಆಂಪ್ಲಿಫೈಯರ್, ಸ್ಪೀಕರ್ ಪರೀಕ್ಷಿಸುವ ಬಗೆ

ಪ್ರಶ್ನೆ: ಬೆಂಗಳೂರಿನಲ್ಲಿ ಒಬ್ಬರು ಮನೆ ಬದಲಾಯಿಸುತ್ತಿದ್ದಾರೆ. ಸುಮಾರು 30 ವರ್ಷದ ಜಪಾನ್ ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರ್ ಸೇರಿ 22 ಸಾವಿರ ಹೇಳುತ್ತಿದ್ದಾರೆ. ನಾನು ಹೋದಾಗ ಆಗಲೇ ಹಾಡು ಹಾಕಿಟ್ಟಿದ್ದರು, ಜೋರಾಗಿ ಚೆನ್ನಾಗಿಯೇ ಕೇಳಿಸಿತು. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಸದ್ದು. ಸ್ಪೀಕರ್ ಹಿಂದೆ 8 ಓಂ ಎಂದಿದೆ, ನನ್ನ ಮಲ್ಟಿಮೀಟರ್ 6.1 ತೋರಿಸಿತು. ಕೆಟ್ಟಿದೆಯೇ? "ಪೂರ್ತಿ ವಾಲ್ಯೂಮ್ ಕೊಟ್ಟು ನೋಡು, ಒಡಕು ಬರದಿದ್ದರೆ ತೆಗೆದುಕೋ" ಎಂದು ಗೆಳೆಯ ಹೇಳುತ್ತಾನೆ. ನನಗೆ ಎಲೆಕ್ಟ್ರಾನಿಕ್ಸ್ ತಿಳಿಯದು, ಮೀಟರ್ ಹಿಡಿಯಲು ಬರುತ್ತದೆ. ಮತ್ತೊಮ್ಮೆ ಹೋಗುವಾಗ ಏನೇನು ನೋಡಲಿ?

ಉತ್ತರ: ಮೊದಲು ಆ 6.1 ಓಂ ವಿಷಯ ಮುಗಿಸೋಣ. ಆ ಅಂಕಿ ನೋಡಿ ಸ್ಪೀಕರ್ ಕೆಟ್ಟಿದೆ ಎನ್ನಬೇಕಿಲ್ಲ. ಹಿಂಬದಿಯಲ್ಲಿ ಬರೆದ 8 ಓಂ ಸಂಗೀತದಂತಹ ಎಸಿ ಸಂಕೇತಕ್ಕೆ ಸ್ಪೀಕರ್ ಒಡ್ಡುವ ತಡೆ. ಮೀಟರ್ ಅಳೆಯುವುದು ಡಿಸಿಯಲ್ಲಿ, ಅಂದರೆ ಒಳಗಿನ ತಾಮ್ರದ ತಂತಿಸುರುಳಿಯ ತಡೆಯನ್ನು ಮಾತ್ರ. ಹಾಗಾಗಿ ಒಳ್ಳೆಯ 8 ಓಂ ಸ್ಪೀಕರ್ ಮೀಟರಿನಲ್ಲಿ ಸಾಮಾನ್ಯವಾಗಿ ಐದೂವರೆಯಿಂದ ಏಳರ ನಡುವೆ ತೋರಿಸುತ್ತದೆ, 4 ಓಂನದು ಮೂರರಿಂದ ನಾಲ್ಕರೊಳಗೆ. ನಿಮಗೆ ಬೇಕಾದುದು ಇನ್ನೊಂದು ಸ್ಪೀಕರಿನ ಅಳತೆ. ಎರಡರ ನಡುವೆ ಅರ್ಧ ಓಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದರ ವೂಫರ್, ಅಂದರೆ ತಗ್ಗಿನ ಸ್ವರಗಳನ್ನು ನುಡಿಸುವ ದೊಡ್ಡ ಭಾಗ, ಬದಲಾಗಿರಬಹುದು, ಇಲ್ಲವೇ ಸುರುಳಿಯನ್ನು ಯಾರೋ ಹೊಸದಾಗಿ ಸುತ್ತಿರಬಹುದು. ಅಳೆಯುವ ಮುನ್ನ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಬರುವ 0.3 ಅಥವಾ 0.4ನ್ನು ಕಳೆಯಿರಿ. ಅದು ಮೀಟರಿನ ತಂತಿಯದೇ ತಡೆ.

ಈ ಅಳತೆಗೆ ಒಂದು ಮಿತಿಯಿದೆ. ಅದು ವೂಫರಿನ ಬಗ್ಗೆ ಮಾತ್ರ ಹೇಳುತ್ತದೆ. ಎತ್ತರದ ಸ್ವರಗಳನ್ನು ನುಡಿಸುವ ಟ್ವೀಟರಿಗೆ ಹೋಗುವ ದಾರಿಯಲ್ಲಿ ಕೆಪಾಸಿಟರ್ ಇರುತ್ತದೆ, ಕೆಪಾಸಿಟರ್ ಡಿಸಿಯನ್ನು ದಾಟಲು ಬಿಡುವುದಿಲ್ಲ. ಟ್ವೀಟರ್ ಪೂರ್ತಿ ಸತ್ತಿದ್ದರೂ ನಿಮ್ಮ ಮೀಟರ್ ಅದೇ 6.1 ತೋರಿಸುತ್ತಿತ್ತು.

ಇನ್ನು ನಿಮ್ಮ ಗೆಳೆಯರ ಸಲಹೆ. ರಿಪೇರಿ ಮೇಜಿನ ಮುಂದೆ ಇಷ್ಟು ವರ್ಷ ಕುಳಿತ ಮೇಲೆ ನನಗೆ ಖಚಿತವಾಗಿ ಅನಿಸುವುದು ಇದಕ್ಕೆ ನೇರ ವಿರುದ್ಧ. ಹಳೆಯ ಆಂಪ್ಲಿಫೈಯರಿನ ದೋಷಗಳಲ್ಲಿ ಬಹುಪಾಲು ಜೋರು ಸದ್ದಿನಲ್ಲಿ ಅಡಗಿಕೊಳ್ಳುತ್ತವೆ, ಮೆಲ್ಲಗೆ ಹಾಕಿದಾಗ ಹೊರಗೆ ಬರುತ್ತವೆ. ಪೂರ್ತಿ ವಾಲ್ಯೂಮ್ ಕೊಟ್ಟರೆ ಆಂಪ್ಲಿಫೈಯರ್ ತನ್ನ ಮಿತಿ ದಾಟಿ ಅಲೆಯ ತಲೆಯನ್ನು ಕತ್ತರಿಸುತ್ತದೆ. ಆ ಕತ್ತರಿಸಿದ ಅಲೆಯಲ್ಲಿ ಎತ್ತರದ ಶ್ರುತಿಗಳ ಶಕ್ತಿ ಹೆಚ್ಚಾಗಿ ಟ್ವೀಟರಿನ ಕೂದಲೆಳೆಯಂತಹ ತಂತಿ ಸುಡಬಹುದು. ಪರೀಕ್ಷಿಸಲು ಹೋಗಿ ಬೇರೆಯವರ ವಸ್ತುವನ್ನು ಕೆಡಿಸಿ ಬರುವ ದಾರಿ ಅದು.

ಆಂಪ್ಲಿಫೈಯರನ್ನು ತಣ್ಣಗಿರುವಾಗಲೇ ನೋಡಬೇಕು. ನೀವು ಹೋದಾಗ ಆಗಲೇ ಹಾಡುತ್ತಿತ್ತು ಎಂದಿದ್ದೀರಿ. ಅದು ಸೌಜನ್ಯವೇ ಇರಬಹುದು. ಆದರೆ ಹಳೆಯ ಬೆಸುಗೆ ಬಿರುಕು ಬಿಟ್ಟಿದ್ದರೆ ಬಿಸಿಯಾದ ಮೇಲೆ ಲೋಹ ಹಿಗ್ಗಿ ಕೂಡಿಕೊಳ್ಳುವುದುಂಟು. ಬೆಳಗ್ಗೆ ಮೂಕವಾಗಿರುವ ಚಾನಲ್ ಅರ್ಧ ಗಂಟೆಯ ನಂತರ ಮಾತನಾಡುತ್ತದೆ. ಆದ್ದರಿಂದ ಈ ಸಲ ಫೋನ್ ಮಾಡುವಾಗಲೇ "ನಾನು ಬರುವವರೆಗೆ ಆನ್ ಮಾಡಬೇಡಿ" ಎಂದು ಹೇಳಿ. ಹೋದ ತಕ್ಷಣ ಮೇಲಿನ ತಗಡಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾತು ನಡೆದಿಲ್ಲ ಎಂದರ್ಥ.

ಪ್ಲಗ್ ಹಾಕುವ ಮುನ್ನ ಹಿಂಬದಿಯ ಪಟ್ಟಿ ಓದಿ. ಜಪಾನಿನ ಒಳಮಾರುಕಟ್ಟೆಗೆ ತಯಾರಾದ ಯಂತ್ರದಲ್ಲಿ 100V ಎಂದೂ ಅಮೆರಿಕದ್ದರಲ್ಲಿ 120V ಎಂದೂ ಇರುತ್ತದೆ. ಅದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಓಡುತ್ತಿದ್ದರೆ ಅದೂ ಬೆಲೆಯಲ್ಲಿ ಸೇರಿದೆಯೇ ಎಂದು ಕೇಳಿ. ಅದಿಲ್ಲದೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು. ಅದೇ ಪಟ್ಟಿಯಲ್ಲಿ ಎಷ್ಟು ವಾಟ್ ವಿದ್ಯುತ್ ಎಳೆಯುತ್ತದೆ ಎಂಬುದೂ ಸಾಮಾನ್ಯವಾಗಿ ಇರುತ್ತದೆ. 120 ವಾಟ್ ಎಳೆಯುವ ಯಂತ್ರ ಒಂದೇ ಸಮನೆ 500 ವಾಟ್ ಸದ್ದು ಕೊಡಲಾರದು, ಮುಂಭಾಗದಲ್ಲಿ ಏನೇ ಬರೆದಿರಲಿ.

ಈಗ ಮುಖ್ಯ ಪರೀಕ್ಷೆ. ಸ್ಪೀಕರ್ ತಂತಿಗಳನ್ನು ಬಿಚ್ಚಿ, ಇನ್‌ಪುಟ್ ಕೇಬಲ್ ತೆಗೆದು, ವಾಲ್ಯೂಮ್ ಸೊನ್ನೆಗೆ ಇಟ್ಟು ಆನ್ ಮಾಡಿ. ಮುಂದಿನ ಸ್ಪೀಕರ್ ಎ ಗುಂಡಿ ಒತ್ತಿರಲಿ, ಇಲ್ಲದಿದ್ದರೆ ಮೀಟರ್ ಸುಳ್ಳೇ ಸೊನ್ನೆ ತೋರಿಸುತ್ತದೆ. ಆನ್ ಮಾಡಿದ ಮೂರರಿಂದ ಆರು ಸೆಕೆಂಡುಗಳಲ್ಲಿ ಒಳಗಿನಿಂದ 'ಟಿಕ್' ಎಂಬ ಸಣ್ಣ ಸದ್ದು ಬರಬೇಕು. ಅದು ರಕ್ಷಣಾ ರಿಲೇ. ಒಳಗೆ ಎಲ್ಲವೂ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಅದು ಸ್ಪೀಕರನ್ನು ಜೋಡಿಸುತ್ತದೆ. ಟಿಕ್ ಬಾರದೆ ದೀಪ ಮಿಟುಕುತ್ತಿದ್ದರೆ ಒಳಗೆ ದೋಷವಿದೆ, ಅಲ್ಲಿಗೇ ನಿಲ್ಲಿಸಿ.

ಟಿಕ್ ಬಂದ ಮೇಲೆ ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಎಡ ಚಾನಲಿನ ಪ್ಲಸ್ ಮತ್ತು ಮೈನಸ್ ಸ್ಪೀಕರ್ ತಿರುಪುಗಳ ನಡುವೆ ಹಿಡಿಯಿರಿ. ಏನೂ ಕಾಣದಿದ್ದರೆ ಮಿಲಿವೋಲ್ಟಿಗೆ ಇಳಿಸಿ ಓದಿ, ಬಲ ಚಾನಲಿಗೂ ಹಾಗೆಯೇ ಮಾಡಿ. ಏನೂ ಹಾಡದಿರುವಾಗ ಅಲ್ಲಿ ಸೊನ್ನೆಯ ಆಸುಪಾಸು ಇರಬೇಕು. 30 ವರ್ಷದ ಯಂತ್ರದಲ್ಲಿ 50 ಮಿಲಿವೋಲ್ಟಿನ ಒಳಗಿದ್ದರೆ ನಾನು ನಿಶ್ಚಿಂತನಾಗಿರುತ್ತೇನೆ. 50ರಿಂದ 100ರವರೆಗೆ ಇದ್ದರೆ ಯಾವುದೋ ಬಿಡಿಭಾಗ ಹಳಸುತ್ತಿದೆ, ಸರಿಪಡಿಸಬಹುದು. 100 ದಾಟಿದರೆ ರಿಪೇರಿ ಮಾಡಿಸದೆ ಬಳಸುವಂತಿಲ್ಲ. ಪ್ಲಸ್ ಇದೆಯೋ ಮೈನಸ್ ಇದೆಯೋ ಎಂಬುದು ಮುಖ್ಯವಲ್ಲ, ಅಂಕಿ ಮುಖ್ಯ. ಈ ಕ್ರಮ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಇಲ್ಲದೆ ಆನ್ ಮಾಡಬಾರದು.

ಇದಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಆಂಪ್ಲಿಫೈಯರಿನ ಒಳಗೆ ಪ್ಲಸ್ 35, ಮೈನಸ್ 35 ಎಂಬಂತೆ ಎರಡು ವೋಲ್ಟೇಜುಗಳಿದ್ದು, ಸ್ಪೀಕರಿಗೆ ಹೋಗುವ ತಂತಿ ಅವುಗಳ ನಟ್ಟನಡುವೆ ಸೊನ್ನೆಯಲ್ಲಿ ನಿಂತಿರುತ್ತದೆ. ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಆ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿ ಸ್ಪೀಕರಿಗೆ ಬೀಳುತ್ತದೆ. ಆಗ ಸಂಪರ್ಕ ಕಡಿದು ಸ್ಪೀಕರನ್ನು ಉಳಿಸುವುದು ರಿಲೇಯ ಕೆಲಸ. ಒಬ್ಬರು ಅಂಗಡಿಯೊಂದರಲ್ಲಿ ಜೋರಾಗಿ ಹಾಡಿಸಿ ನೋಡಿ ಕೊಂಡ ಆಂಪ್ಲಿಫೈಯರನ್ನು, ಎರಡು ವಾರದ ನಂತರ ಸುಟ್ಟ ವೂಫರ್ ಸಮೇತ ನನ್ನ ಬಳಿ ತಂದರು. ಬಿಚ್ಚಿ ನೋಡಿದರೆ, ರಿಲೇ ಪದೇ ಪದೇ ಕಡಿದುಕೊಳ್ಳುತ್ತಿದೆ ಎಂದು ಹಿಂದೆ ಯಾರೋ ಅದರ ಕಾಲುಗಳ ಮೇಲೆ ಒಂದು ತಂತಿ ಬೆಸೆದು ರಕ್ಷಣೆಯನ್ನೇ ತಪ್ಪಿಸಿದ್ದರು. ಸ್ಪೀಕರ್ ತಿರುಪುಗಳಲ್ಲಿ 30 ವೋಲ್ಟ್ ಡಿಸಿ ಇತ್ತು. 6 ಓಂ ಸುರುಳಿಯಲ್ಲಿ ಅದು 5 ಆಂಪಿಯರ್ ಹರಿಸಿ 150 ವಾಟ್ ಶಾಖವಾಗುತ್ತದೆ. ನನ್ನ ಬೆಸುಗೆ ಕಡ್ಡಿ 25 ವಾಟಿನದು. ಅಂತಹ ಆರು ಕಡ್ಡಿಗಳನ್ನು ಆ ಪುಟ್ಟ ಸುರುಳಿಗೆ ಒತ್ತಿ ಹಿಡಿದಂತೆ. ಆನ್ ಮಾಡಿದ ಕೂಡಲೇ, ಟಿಕ್ ಇಲ್ಲದೆಯೇ, ಸ್ಪೀಕರ್ 'ಧಡ್' ಎಂದು ಒದ್ದುಕೊಳ್ಳುವುದು ಅದಕ್ಕೆ ಮೊದಲ ಸುಳಿವಾಗಿತ್ತು, ಅವರು ಅದನ್ನು ಯಂತ್ರದ ಬಲ ಎಂದುಕೊಂಡಿದ್ದರು. ಕೆಲವು ಸಣ್ಣ ಆಂಪ್ಲಿಫೈಯರುಗಳಲ್ಲಿ ರಿಲೇ ಮೊದಲಿನಿಂದಲೇ ಇರುವುದಿಲ್ಲ, ಹಾಗಾಗಿ ಟಿಕ್ ಇಲ್ಲ ಎಂದ ಮಾತ್ರಕ್ಕೆ ಮೋಸ ಎನ್ನಬೇಡಿ. ಆದರೆ ನೀವು ನೋಡುತ್ತಿರುವ ವರ್ಗದ ಯಂತ್ರದಲ್ಲಿ ಅದು ಇರಬೇಕಾದದ್ದು.

ಡಿಸಿ ಸರಿಯಿದ್ದರೆ ಆಫ್ ಮಾಡಿ ಸ್ಪೀಕರ್ ಜೋಡಿಸಿ. ಇನ್‌ಪುಟ್ ಏನೂ ಇಲ್ಲದೆ ಆನ್ ಮಾಡಿ, ಫ್ಯಾನ್ ನಿಲ್ಲಿಸಲು ಹೇಳಿ, ವೂಫರಿನ ಹತ್ತಿರ ಕಿವಿ ಇಡಿ. ವಾಲ್ಯೂಮ್ ಸೊನ್ನೆಯಲ್ಲಿದ್ದಾಗ ಬಹಳ ಹತ್ತಿರದಿಂದ ಅತಿ ಸಣ್ಣ ಗುಂಯ್ ಕೇಳಿಸಿದರೆ ತೊಂದರೆಯಿಲ್ಲ. ಒಂದು ಅಡಿ ದೂರಕ್ಕೂ ಗುಂಯ್‌ಗುಡುವಿಕೆ ಬರುತ್ತಿದ್ದು, ವಾಲ್ಯೂಮ್ ತಿರುಗಿಸಿದರೂ ಅದು ಹೆಚ್ಚುಕಡಿಮೆಯಾಗದಿದ್ದರೆ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರುಗಳು ಒಣಗುತ್ತಿವೆ ಎಂಬ ಅನುಮಾನ ಬರಬೇಕು. ವಾಲ್ಯೂಮಿನ ಜೊತೆ ಹೆಚ್ಚಾದರೆ ದೋಷ ಅದಕ್ಕೂ ಹಿಂದೆ, ಇನ್‌ಪುಟ್ ಕಡೆಯಲ್ಲಿದೆ.

ನಂತರ ಫೋನಿನಿಂದ ಆಕ್ಸ್ ಅಥವಾ ಸಿಡಿ ಇನ್‌ಪುಟ್‌ಗೆ ಕೊಡಿ. ಫೋನೋ ಎಂದು ಬರೆದ ತೂತಿಗೆ ಬೇಡ, ಅದು ಗ್ರಾಮಫೋನ್ ತಟ್ಟೆಯ ಕ್ಷೀಣ ಸಂಕೇತಕ್ಕೆ ಮಾಡಿದ್ದು, ಅಲ್ಲಿ ಎಲ್ಲವೂ ಒಡೆದೇ ಕೇಳಿಸುತ್ತದೆ. ಒಂದೇ ದನಿಯ ಮಾತು ಹಾಕಿ, ಪಕ್ಕದಲ್ಲಿ ಕುಳಿತವರು ಪಿಸುಗುಟ್ಟಿದಷ್ಟು ಮಾತ್ರ ವಾಲ್ಯೂಮ್ ಇಡಿ. ಹೀಗೆ ಐದು ನಿಮಿಷ ಕುಳಿತುಕೊಳ್ಳಿ. ಒಂದು ಕಡೆಯ ದನಿ ಮಂಕಾಗುತ್ತಿದೆಯೇ, ನಿಂತು ನಿಂತು ಬರುತ್ತಿದೆಯೇ ಎಂದು ಗಮನಿಸಿ. ಹಾಗಾದರೆ ವಾಲ್ಯೂಮನ್ನು ಒಮ್ಮೆ ಏರಿಸಿ ಇಳಿಸಿ. ಏರಿಸಿದಾಗ ದನಿ ಥಟ್ಟನೆ ಮರಳಿದರೆ ರಿಲೇಯ ಅಥವಾ ಸ್ಪೀಕರ್ ಗುಂಡಿಯ ಸಂಪರ್ಕಗಳ ಮೇಲೆ ಕಿಲುಬಿನ ಪೊರೆ ಕಟ್ಟಿದೆ. ಸಣ್ಣ ಸಂಕೇತಕ್ಕೆ ಆ ಪೊರೆ ಗೋಡೆಯಾಗುತ್ತದೆ, ದೊಡ್ಡ ಸಂಕೇತ ಅದನ್ನು ಭೇದಿಸಿಕೊಂಡು ಹೋಗುತ್ತದೆ. ನಿಮ್ಮ ಗೆಳೆಯರ ಪರೀಕ್ಷೆಯಲ್ಲಿ ಈ ದೋಷ ಎಂದಿಗೂ ಕಾಣುವುದಿಲ್ಲ. ಒಳ್ಳೆಯ ಸುದ್ದಿಯೆಂದರೆ ಇದು ಅಗ್ಗದ ಕೆಲಸ, ರಿಲೇ ಬದಲಿಸಿದರೆ ಮುಗಿಯಿತು.

ಇದೇ ಪಿಸುದನಿಯಲ್ಲಿ ಎರಡೂ ಕಡೆ ಮಾತು ಕಾಗದ ಹರಿದಂತೆ ಒರಟಾಗಿ, ಜೋರು ಮಾಡಿದ ಕೂಡಲೇ ನಯವಾಗಿ ಕೇಳಿಸಿದರೆ ಅದು ಬೇರೆ ಸಂಗತಿ. ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನರ್ಧವನ್ನು ಇನ್ನೊಂದು ಹೊರುತ್ತವೆ. ಕೈ ಬದಲಾಗುವ ಜಾಗದಲ್ಲಿ ತಡವರಿಸದಿರಲೆಂದು ಎರಡರಲ್ಲೂ ಸ್ವಲ್ಪ ಕರೆಂಟನ್ನು ಸದಾ ಹರಿಯಬಿಟ್ಟಿರುತ್ತಾರೆ. ವಯಸ್ಸಾದಂತೆ ಅದು ಕುಸಿದಿರಬಹುದು. ತಿಳಿದವರ ಕೈಯಲ್ಲಿ ಹದಿನೈದು ನಿಮಿಷದ ಹೊಂದಿಸುವಿಕೆ, ತಿಳಿಯದವರ ಕೈಯಲ್ಲಿ ಸುಟ್ಟ ಟ್ರಾನ್ಸಿಸ್ಟರ್.

ಒಂದು ಕಡೆ ಮಾತ್ರ ತೊಂದರೆ ಕಂಡರೆ ಅದು ಎಲ್ಲಿದೆ ಎಂದು ನೀವೇ ಪತ್ತೆ ಹಚ್ಚಬಹುದು. ಹಿಂಬದಿಯ ಇನ್‌ಪುಟ್ ಪಿನ್ನುಗಳನ್ನು ಎಡ ಬಲ ಅದಲುಬದಲು ಮಾಡಿ. ದೋಷ ಇನ್ನೊಂದು ಸ್ಪೀಕರಿಗೆ ಹಾರಿದರೆ ಅದು ನಿಮ್ಮ ಫೋನ್ ಅಥವಾ ಕೇಬಲಿನದು. ಅಲ್ಲೇ ಉಳಿದರೆ ಪಿನ್ನುಗಳನ್ನು ಮೊದಲಿನಂತೆ ಹಾಕಿ, ಆಫ್ ಮಾಡಿ, ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿ. ಆಗಲೂ ಅದೇ ಪೆಟ್ಟಿಗೆಯಲ್ಲೇ ಇದ್ದರೆ ಸ್ಪೀಕರ್ ಅಥವಾ ಅದರ ತಂತಿ ಕೆಟ್ಟಿದೆ, ಬೇರೆ ಪೆಟ್ಟಿಗೆಗೆ ಹೋದರೆ ಆಂಪ್ಲಿಫೈಯರ್ ಕೆಟ್ಟಿದೆ. ಈ ಎರಡು ಅದಲುಬದಲಿಗೆ ಐದು ನಿಮಿಷ ಸಾಕು, ಇಷ್ಟನ್ನೂ ಮಾಡದೆ ಎರಡನ್ನೂ ಹೊತ್ತು ನನ್ನಲ್ಲಿಗೆ ಬರುವವರೇ ಹೆಚ್ಚು.

ನೀವು ಕೇಳಿದ ಕರಕರ ಸದ್ದಿಗೆ ಬಹುತೇಕ ಕಾರಣ ದೂಳು. ಆಂಪ್ಲಿಫೈಯರ್ ಆಫ್ ಮಾಡಿ ವಾಲ್ಯೂಮನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಿ ಮತ್ತೆ ಕೇಳಿ. ಕಡಿಮೆಯಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ಹೋಗುವ ವಿಷಯ, ಬೆಲೆ ಇಳಿಸಲು ಮಾತ್ರ ಬಳಸಿಕೊಳ್ಳಿ. ತಿರುಗಿಸುವಾಗ ವೂಫರಿನ ಮೇಲೂ ಕಣ್ಣಿಡಿ. ಕರಕರದ ಜೊತೆ ಕೋನ್, ಅಂದರೆ ವೂಫರಿನ ಅದುರುವ ಬಟ್ಟಲು, ಮುಂದೆ ಹಿಂದೆ ಜಿಗಿದರೆ ಹಿಂದಿನ ಹಂತದ ಕೆಪಾಸಿಟರ್ ಸೋರಿ ಡಿಸಿ ಒಳಬರುತ್ತಿದೆ, ಬರೀ ಶುಚಿ ಮಾಡಿದರೆ ಸಾಲದು.

ಸ್ಪೀಕರಿಗೆ ಬರೋಣ. ಮುಂದಿನ ಜಾಲರಿ ತೆಗೆಯಿರಿ, ತೆಗೆಯಲು ಒಪ್ಪದಿದ್ದರೆ ಕೊಳ್ಳಬೇಡಿ. ಕೋನಿನ ಸುತ್ತ ಇರುವ ಅಂಚು ರಬ್ಬರಿನದೋ ಫೋಮಿನದೋ ನೋಡಿ. ರಬ್ಬರ್ ದಶಕಗಟ್ಟಲೆ ಬಾಳುತ್ತದೆ. ಫೋಮ್ ಹಾಗಲ್ಲ, ಹದಿನೈದು ಇಪ್ಪತ್ತು ವರ್ಷಕ್ಕೆ, ಕರಾವಳಿಯ ಸೆಕೆ ತೇವದಲ್ಲಿ ಇನ್ನೂ ಬೇಗ, ಅಂಟಂಟಾಗಿ ಪುಡಿಯಾಗುತ್ತದೆ. ಬೆರಳ ತುದಿಯಿಂದ ಮೃದುವಾಗಿ ತಾಗಿಸಿ. ಕಪ್ಪು ಪುಡಿ ಅಥವಾ ಜಿಗುಟು ಅಂಟಿದರೆ ಇಂದು ಹಾಡಿದರೂ ಅದು ಹರಿಯುವ ದಿನ ದೂರವಿಲ್ಲ. ಹೊಸ ಅಂಚು ಅಂಟಿಸಬಹುದು, ಕೋನ್ ಸರಿಯಾಗಿ ನಡುವೆ ಕೂರಿಸುವ ಕೈ ಸಿಕ್ಕರೆ.

ಆಮೇಲೆ ಎರಡೂ ಕೈಗಳ ಬೆರಳುಗಳನ್ನು ಕೋನಿನ ನಡುಗುಬ್ಬಿಯ ಸುತ್ತ ಸಮನಾಗಿ ಇಟ್ಟು, ಕೆಲವೇ ಮಿಲಿಮೀಟರ್ ಒಳಗೆ ಒತ್ತಿ ಬಿಡಿ. ನಿಶ್ಶಬ್ದವಾಗಿ ಹೋಗಿ ಬರಬೇಕು. ಮರಳು ಉಜ್ಜಿದಂತೆ ಸದ್ದು ಬಂದರೆ ಒಳಗಿನ ಸುರುಳಿ ಆಯಸ್ಕಾಂತಕ್ಕೆ ತಾಗುತ್ತಿದೆ. ಅತಿ ಬಿಸಿಯಾಗಿ ಸುರುಳಿ ಉಬ್ಬಿದೆ, ಇಲ್ಲವೇ ಕೆಳಗೆ ಬಿದ್ದ ಏಟಿನಿಂದ ಆಯಸ್ಕಾಂತ ಸರಿದಿದೆ. ಒರೆಸಿ ಹೋಗುವ ದೋಷವಲ್ಲ ಇದು, ಆ ವೂಫರ್ ಮುಗಿಯಿತೆಂದೇ ಲೆಕ್ಕ ಹಾಕಿ.

ಕೈಗೆ ಸಿಗದ ಸಣ್ಣ ಉಜ್ಜುವಿಕೆಯನ್ನು ಕಿವಿ ಹಿಡಿಯುತ್ತದೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. 200 ಹರ್ಟ್ಸ್‌ನಲ್ಲಿ ಶುರುಮಾಡಿ, ಮಾತಿನ ದನಿಯಷ್ಟೇ ಸದ್ದಿಟ್ಟು, ನಿಧಾನವಾಗಿ 40ಕ್ಕೆ ಇಳಿಸಿ. ಶುದ್ಧ ಸ್ವರ ಇಳಿಯುತ್ತಾ ಹೋಗಿ ಮೆಲ್ಲಗೆ ಮಾಯವಾಗಬೇಕು. ನಡುವೆ ಎಲ್ಲೋ ಝರ್ ಎಂದರೆ ಅದೇ ಜಾಗಕ್ಕೆ ಮತ್ತೆ ಬನ್ನಿ. ಸ್ಪೀಕರನ್ನು ದೂರುವ ಮುನ್ನ ಕಿಟಕಿಯ ಗಾಜು, ಗೋಡೆಯ ಫೋಟೊ ಚೌಕಟ್ಟನ್ನು ಕೈಯಿಂದ ಒತ್ತಿ ನೋಡಿ, ಎಷ್ಟೋ ಸಲ ಕಳ್ಳ ಅಲ್ಲಿರುತ್ತಾನೆ. ಈ ಆ್ಯಪಿನಲ್ಲಿ ಎತ್ತರದ ಸ್ವರವನ್ನು ಜೋರಾಗಿ, ಬಹಳ ಹೊತ್ತು ಹಾಕಬೇಡಿ. ಹಾಡಿನಲ್ಲಿ ಕ್ಷಣಕಾಲ ಬರುವ ಶಕ್ತಿ ಇಲ್ಲಿ ಒಂದೇ ಸಮನೆ ಬಂದು ಟ್ವೀಟರನ್ನು ಸುಡುತ್ತದೆ.

ಮೀಟರ್ ಕಾಣದ ಟ್ವೀಟರಿಗೆ ತಂಬೂರಿಗಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಒಳ್ಳೆಯ ಧ್ವನಿಮುದ್ರಣದ ಬರೀ ತಂಬೂರಿ ಶ್ರುತಿಯನ್ನು ಮೆಲ್ಲಗೆ ಹಾಕಿ, ಬ್ಯಾಲೆನ್ಸನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ. ಜೀವಾಳಿಯಿಂದ ಏಳುವ ಆ ಮಿನುಗು ಬಹುಪಾಲು ಟ್ವೀಟರಿನಿಂದ ಬರುತ್ತದೆ. ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಟ್ವೀಟರಿನ ಮುಂದೆ, ಇನ್ನೊಂದು ಕಿವಿಗೆ ಇಟ್ಟು ಕೇಳಿ, ನಂತರ ಬ್ಯಾಲೆನ್ಸ್ ತಿರುಗಿಸಿ ಇನ್ನೊಂದು ಪೆಟ್ಟಿಗೆಗೆ ಹೋಗಿ. ಎರಡೂ ಕಡೆ ಮಿನುಗು ಒಂದೇ ಬಗೆಯಲ್ಲಿರಬೇಕು. ಒಂದು ಕಡೆ ಕಂಬಳಿ ಹೊದಿಸಿದಂತಿದ್ದರೆ ಆ ಟ್ವೀಟರ್ ಸತ್ತಿದೆ ಅಥವಾ ಸಾಯುತ್ತಿದೆ. ಹಳೆಯ ಮಾದರಿಗೆ ಅದೇ ಟ್ವೀಟರ್ ಸಿಗುವುದು ಕಷ್ಟ. ಬೇರೆ ಹಾಕಿದರೆ ಎರಡು ಪೆಟ್ಟಿಗೆಗಳು ಎರಡು ಬಗೆಯಲ್ಲಿ ಹಾಡುತ್ತವೆ, ಹಾಗಾಗಿ ಎರಡನ್ನೂ ಬದಲಿಸಬೇಕಾಗುತ್ತದೆ.

ಇದೆಲ್ಲ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿರುತ್ತದೆ, ಆಂಪ್ಲಿಫೈಯರ್ ಬಿಸಿಯಾಗಿರುತ್ತದೆ. ಮೇಲಿನ ತಗಡನ್ನು ಎಡಕ್ಕೂ ಬಲಕ್ಕೂ ಮುಟ್ಟಿ. ಒಳಗಿನ ರಚನೆಯಿಂದಾಗಿ ಸ್ವಲ್ಪ ವ್ಯತ್ಯಾಸವಿರುವುದು ಸಹಜ. ಮೆಲ್ಲಗೆ ಹಾಡಿದರೂ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಸಹಜವಲ್ಲ. ಹಾಡು ನಿಲ್ಲಿಸಿ, ಆಫ್ ಮಾಡಿ, ಸ್ಪೀಕರ್ ಬಿಚ್ಚಿ, ಮತ್ತೆ ಆನ್ ಮಾಡಿ ಡಿಸಿಯನ್ನು ಎರಡನೇ ಸಲ ಅಳೆಯಿರಿ. ತಣ್ಣಗಿದ್ದಾಗ 12 ಮಿಲಿವೋಲ್ಟ್ ಇದ್ದದ್ದು ಬಿಸಿಯಲ್ಲಿ 20 ಆದರೆ ಸರಿ. 12 ಇದ್ದದ್ದು 90 ಆಗಿದ್ದರೆ ಒಂದು ಬಿಡಿಭಾಗ ಶಾಖಕ್ಕೆ ಕೈಕೊಡುತ್ತಿದೆ.

ನಿಮ್ಮ 22 ಸಾವಿರದ ಬಗ್ಗೆ ಹೀಗೆ ಯೋಚಿಸುತ್ತೇನೆ. ಕರಕರ, ಕಿಲುಬು ಹಿಡಿದ ರಿಲೇ, ಸ್ವಲ್ಪ ಹೆಚ್ಚಿನ ಡಿಸಿ, ಇವು ಬೆಲೆ ಇಳಿಸಿ ಕೊಳ್ಳಬಹುದಾದ ದೋಷಗಳು. ಟಿಕ್ ಬಾರದ ಅಥವಾ ಡಿಸಿ 100 ದಾಟಿದ ಆಂಪ್ಲಿಫೈಯರ್ ಆದರೆ ಅದನ್ನು ಬಿಟ್ಟು ಸ್ಪೀಕರುಗಳನ್ನಷ್ಟೇ ಕೇಳಿ. ಏಕೆಂದರೆ ಆ ಕಾಲದ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ, STK ಎಂದು ಶುರುವಾಗುವ ದಪ್ಪ ಐಸಿಗಳಲ್ಲಿ, ಅನೇಕ ಈಗ ತಯಾರಾಗುವುದಿಲ್ಲ. ಮಾರುಕಟ್ಟೆಯಲ್ಲಿ ಅದೇ ಸಂಖ್ಯೆ ಅಚ್ಚೊತ್ತಿದ ನಕಲಿಗಳು ಬೇಕಾದಷ್ಟಿವೆ. ನಕಲಿ ಹಾಕಿದ ಯಂತ್ರ ನನ್ನ ಮೇಜಿನ ಮೇಲೆ ಒಂದು ಗಂಟೆ ಚೆನ್ನಾಗಿ ಹಾಡಿ, ನಿಮ್ಮ ಮನೆಯಲ್ಲಿ ಮೊದಲ ಹಬ್ಬದ ದಿನ ಸಾಯಬಹುದು. ಸುರುಳಿ ಉಜ್ಜುವ ಅಥವಾ ಟ್ವೀಟರ್ ಸತ್ತ ಸ್ಪೀಕರ್ ಆದರೆ ಇದಕ್ಕೆ ತಿರುಗುಮುರುಗು, ಆಂಪ್ಲಿಫೈಯರನ್ನಷ್ಟೇ ತನ್ನಿ.

ಮುಚ್ಚಳ ಬಿಚ್ಚಿ ಒಳಗೆ ನೋಡುವ ಆಸೆಯಾದರೆ, ಮಾರುವವರು ಒಪ್ಪಿದರೆ, ಪ್ಲಗ್ ತೆಗೆದ ಮೇಲೆ ಕಣ್ಣಿನಿಂದ ಮಾತ್ರ ನೋಡಿ. ಕೆಪಾಸಿಟರುಗಳಲ್ಲಿ ಪ್ಲಗ್ ತೆಗೆದ ಮೇಲೂ ವಿದ್ಯುತ್ ಉಳಿದಿರುತ್ತದೆ. ಕೆಪಾಸಿಟರಿನ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಕಲೆ ಕಂಡರೆ ಸೋರಿದೆ ಎಂದು ಗಾಬರಿಯಾಗಬೇಡಿ, ಹೆಚ್ಚಿನ ಸಲ ಅದು ಕಾರ್ಖಾನೆಯಲ್ಲಿ ಹಾಕಿದ ಅಂಟು, ವಯಸ್ಸಾಗಿ ಬಣ್ಣ ಬದಲಿಸಿರುತ್ತದೆ. ಹಾಗೆ ಕಂದಾದ ಅಂಟು ಪಕ್ಕದ ತಂತಿಕಾಲುಗಳನ್ನು ತಿನ್ನುತ್ತದೆಯಾದ್ದರಿಂದ, ಕೊಂಡ ಮೇಲೆ ಮೊದಲ ಸರ್ವಿಸಿನಲ್ಲೇ ಕೆರೆಸಿ ತೆಗೆಸಿ.